ದೇವಕ್ಕ ಟಿವಿ ಅಂಗಡಿಯಲ್ಲಿ ಕೇಳಿದ್ದು

ನಮ್ಮ ಅಕ್ಕ ದೇವಕ್ಕನಿಗೆ ಈಗ ಅಳು ಬರುವುದಿಲ್ಲ. ಮೊದಲು ಬರುತ್ತಿತ್ತು, ಚೆನ್ನಾಗಿಯೇ ಬರುತ್ತಿತ್ತು. ಧಾರಾವಾಹಿಯಲ್ಲಿ ಯಾರೋ ಸೊಸೆಯನ್ನು ಹೊರಗೆ ಹಾಕಿದರೂ ಸೆರಗು ಕಣ್ಣಿಗೆ ಹೋಗುತ್ತಿತ್ತು. ಭಾವನದು ಮರೆವಿನ ರೋಗ, ಇಳಿಯುತ್ತ ಹೋಗುವುದೇ ಹೊರತು ಏರುವುದಿಲ್ಲ ಎಂದು ಧಾರವಾಡದ ಡಾಕ್ಟರು ಹೇಳಿದ ಮೇಲೆ ಒಂದಷ್ಟು ದಿನ ಅತ್ತಳು. ಆಮೇಲೆ ನಿಂತುಹೋಯಿತು. ಈಗ ಅವಳನ್ನು ಏನು ಕೇಳಿದರೂ ಉಪ್ಪಿಲ್ಲದ ಸಾರಿನ ಹಾಗೆ ಉತ್ತರ ಕೊಡುತ್ತಾಳೆ. ಉಂಡಿಯೇನು ಅಂದರೆ ಉಂಡೆ. ಮಲಗಿದ್ದಿಯೇನು ಅಂದರೆ ಮಲಗಿದ್ದೆ. ನಾನು ಅವಳ ತಂಗಿ ವಿಜಯ. ಬೈಲಹೊಂಗಲದಲ್ಲಿ ಬ್ಲೌಸ್ ಹೊಲಿಯುತ್ತೇನೆ, ಬಿಡುವಾದಾಗ ಬಸ್ ಹತ್ತಿ ಸವದತ್ತಿಗೆ ಹೋಗಿ ಅಕ್ಕನ ಮೇಲೆ ರೇಗಿ ಬರುತ್ತೇನೆ. ರೇಗುವುದಕ್ಕಾದರೂ ಅವಳಿಗೆ ಒಬ್ಬರು ಬೇಕಲ್ಲ.

ಭಾವ ಶಂಕರೆಪ್ಪ ಬಸ್ ಕಂಡಕ್ಟರ್ ಆಗಿದ್ದವರು. ಸವದತ್ತಿಯಿಂದ ಯರಗಟ್ಟಿ, ನೇಸರಗಿ ಮೇಲೆ ಬೆಳಗಾವಿ. ನಿವೃತ್ತಿಯಾಗುವ ತನಕ ಅದೇ ರಸ್ತೆ. ಸಂಜೆ ಹೊತ್ತಾದರೆ ಅವರಿಗೆ ಡ್ಯೂಟಿ ನೆನಪಾಗುತ್ತದೆ. ಎಲ್ಲ ಮರೆತಿದ್ದಾರೆ, ಇದನ್ನು ಮಾತ್ರ ಮರೆತಿಲ್ಲ. ಬಿಸಿಲು ಇಳಿಯುತ್ತಿದ್ದಂತೆ ಎದ್ದು ಅಂಗಿ ತೊಟ್ಟು ಬಾಗಿಲ ಕಡೆ ಹೊರಡುತ್ತಾರೆ. ತಡೆದರೆ ಕೈ ಎತ್ತುತ್ತಾರೆ. ಹೆಂಡತಿ ಮೇಲೆ ಜನ್ಮದಲ್ಲಿ ಕೈ ಎತ್ತದ ಮನುಷ್ಯ.

ಇದಕ್ಕೆ ಉಪಾಯ ಸಿಕ್ಕಿದ್ದು ಟಿವಿಯಲ್ಲಿ. ಪಕ್ಕದ ಮನೆಯ ಜುನೇದ್, ಬಸ್ ನಿಲ್ದಾಣದ ಹತ್ತಿರ ಮೊಬೈಲ್ ರಿಪೇರಿ ಅಂಗಡಿ ಇಟ್ಟವನು, ಒಂದು ದಿನ ಅಕ್ಕನ ಹಳೆಯ ಸ್ಮಾರ್ಟ್ ಟಿವಿಯಲ್ಲಿ ವಿಡಿಯೋ ಆಪ್ ತೆರೆದು ಬಸ್ಸಿನ ವಿಡಿಯೋ ಹಚ್ಚಿದ. ಯಾರೋ ಹವ್ಯಾಸದವರು ಡ್ರೈವರನ ಪಕ್ಕದಲ್ಲಿ ಕೂತು ಮುಂದಿನ ಗಾಜಿನಿಂದ ದಾರಿಯನ್ನೆಲ್ಲ ತೆಗೆದು ಹಾಕುತ್ತಾರಂತೆ. ಸವದತ್ತಿ ಬಿಟ್ಟು ಯರಗಟ್ಟಿ ರಸ್ತೆ ಕಂಡದ್ದೇ ತಡ, ಭಾವ ಅಂಗಿಯ ಗುಂಡಿ ಹಾಕಿಕೊಂಡು ಕುರ್ಚಿಯಲ್ಲಿ ಕೂತರು. "ಒಳಗ ಸರೀರಿ, ಬಾಗಲದಾಗ ನಿಂದರಬ್ಯಾಡ್ರಿ. ಯರಗಟ್ಟಿ ಇಳಿಯೋರು ಮುಂದ ಬರ್ರಿ. ರೈಟ್."

ಬಸ್ಸು ಬೆಳಗಾವಿ ಮುಟ್ಟುವಷ್ಟರಲ್ಲಿ ಅವರಿಗೆ ಆಯಾಸವಾಗಿ ಊಟ ಮಾಡಿ ಮಲಗುತ್ತಿದ್ದರು. ಅಕ್ಕ ಅಂಥ ವಿಡಿಯೋಗಳನ್ನು ತನ್ನ ಖಾತೆಯಲ್ಲಿ ಒಂದರ ಹಿಂದೆ ಒಂದು ಸೇರಿಸಿಟ್ಟಳು. ಸಂಜೆಗೆ ಟಿವಿ ಹಚ್ಚುವುದು, ಭಾವ ಡ್ಯೂಟಿ ಮಾಡುವುದು, ಅಕ್ಕ ಅಷ್ಟರಲ್ಲಿ ರೊಟ್ಟಿ ಬಡಿಯುವುದು. ಮಕ್ಕಳಿಲ್ಲದ ಮನೆ, ಇಬ್ಬರೇ. ಹೇಗೋ ನಡೆದುಹೋಗುತ್ತಿತ್ತು.

ಒಂದು ಸಂಜೆ ಆಪ್ ತೆರೆಯಲಿಲ್ಲ. ಈ ಸಾಧನದಲ್ಲಿ ಇನ್ನು ಮುಂದೆ ಈ ಆಪ್ ಕೆಲಸ ಮಾಡುವುದಿಲ್ಲ ಎಂದು ಪರದೆ ಮೇಲೆ ಬಂತು. ಅಕ್ಕ ಟಿವಿ ಆರಿಸಿ ಹಚ್ಚಿದಳು, ವೈಫೈ ಆರಿಸಿ ಹಚ್ಚಿದಳು, ಅದೇ ಬಂತು. ಒಲೆಯ ಮೇಲಿನ ಹಾಲು ಇಳಿಸಿ ಬರುವಷ್ಟರಲ್ಲಿ ಕುರ್ಚಿ ಖಾಲಿ. ಬಾಗಿಲು ಹಾರು ಹೊಡೆದಿತ್ತು.

ಭಾವ ಸಿಕ್ಕಿದ್ದು ಊರು ದಾಟಿ ಯರಗಟ್ಟಿ ರಸ್ತೆಯಲ್ಲಿ. ನಡುರಸ್ತೆಯಲ್ಲಿ ನಿಂತು ಕಬ್ಬಿನ ಟ್ರ್ಯಾಕ್ಟರಿಗೆ ಕೈ ಅಡ್ಡ ಮಾಡಿ "ಹೋಲ್ಡಾನ್" ಅನ್ನುತ್ತಿದ್ದರಂತೆ. ಟ್ರ್ಯಾಕ್ಟರಿನವನು ಬ್ರೇಕ್ ಒತ್ತಿದ, ಭಾವನ ಪುಣ್ಯ ದೊಡ್ಡದು, ಮೊಣಕಾಲು ಕೆತ್ತಿದ್ದು ಬಿಟ್ಟರೆ ಮತ್ತೇನೂ ಆಗಲಿಲ್ಲ. ಜುನೇದ್ ಬೈಕಿನ ಮೇಲೆ ಕೂರಿಸಿಕೊಂಡು ಬಂದು ಬಿಟ್ಟ. ಫೋನಿನಲ್ಲಿ ಅಕ್ಕ ನನಗೆ ಇದನ್ನೆಲ್ಲ ಹೇಳಿದ್ದು ಯಾರದೋ ಮನೆಯ ಸುದ್ದಿಯ ಹಾಗೆ. ನಾನು ಕತ್ತರಿ ಕೆಳಗಿಟ್ಟೆ. ಅವಳ ದನಿ ನಡುಗಲಿಲ್ಲ.

ಮರುದಿನ ನಾನು ಹೋದಾಗ ಜುನೇದ್ ಟಿವಿ ನೋಡಿ ಹೇಳಿದ. "ಟಿವಿ ಕೆಟ್ಟಿಲ್ರಿ ಚಾಚಿ. ಇದರೊಳಗಿನ ಆಪರೇಟಿಂಗ್ ಸಿಸ್ಟಮ್ ಹಳೇದಾಗೇತಿ. ಟಿವಿ ಕಂಪನಿಯವ್ರು ಅದಕ್ಕ ಹೊಸಾದು ಕೊಡೂದ ಬಿಟ್ಟಾರ. ಆಪಿನವ್ರು ಹಳೇದ್ರ ಮ್ಯಾಲೆ ನಡಸೂದ ಬಿಟ್ಟಾರ. ಪರದೆ ಇನ್ನೂ ಹತ್ತ ವರ್ಷ ಬಾಳತೇತಿ. ಬಾಳಿ ಏನ ಮಾಡೂದು."

ಅವನು ತನ್ನ ಅಂಗಡಿಯಿಂದ, ಹಳೆಯ ಟಿವಿಯಲ್ಲೂ ಆಪ್ ಓಡಿಸುವ ಒಂದು ಸ್ಟಿಕ್ ತಂದು ಟಿವಿಯ ಹಿಂದೆ ಸಿಕ್ಕಿಸಿ ನೋಡಿದ. ಬಸ್ಸು ಓಡಿತು, ನಮಗೆಲ್ಲ ಸಮಾಧಾನ. ಆದರೆ ಸ್ಟಿಕ್ಕಿಗೆ ಬೇರೆ ರಿಮೋಟು, ಟಿವಿಗೆ ಬೇರೆ. ಭಾವ ಸುಮ್ಮನೆ ಕೂರುವವರಲ್ಲ, ಕೈಗೆ ಸಿಕ್ಕ ರಿಮೋಟನ್ನು ಟಿಕೆಟ್ ಮಷೀನಿನ ಹಾಗೆ ಒತ್ತುತ್ತಾರೆ. ಟಿವಿಯ ರಿಮೋಟ್ ಒತ್ತಿದರೆ ಟಿವಿ ಸ್ಟಿಕ್ಕನ್ನು ಬಿಟ್ಟು ಬೇರೆ ಕಡೆ ಹೋಗಿ, ಪರದೆ ನೀಲಿಯಾಗಿ, ಸಿಗ್ನಲ್ ಇಲ್ಲ ಎಂದು ಬರುತ್ತಿತ್ತು. ರಿಮೋಟ್ ಬಚ್ಚಿಟ್ಟರೆ ಮಷೀನು ಕಳುವಾಯಿತೆಂದು ಮನೆಯೆಲ್ಲ ಕೆದರುತ್ತಿದ್ದರು. ಪರದೆ ನೀಲಿಯಾದರೆ ಗಾಡಿ ಕೆಟ್ಟು ನಿಂತಿತೆಂದು ಎದ್ದು ಇಳಿಯಲು ಹೊರಡುತ್ತಿದ್ದರು.

ಇದನ್ನು ಕೇಳಿ ಭಾವನ ತಮ್ಮ ಕಾಡಪ್ಪನವರು ಹೊಸ ಟಿವಿಯನ್ನೇ ತಂದರು. ಒಳ್ಳೆಯ ಮನುಷ್ಯ, ಅಣ್ಣ ಅಂದರೆ ಪ್ರಾಣ. ಆದರೆ ಅಂಗಡಿಯಲ್ಲಿ ಕೇಳಿದ್ದು ಎರಡೇ ಮಾತು, ಎಷ್ಟು ಇಂಚು ಮತ್ತು ಆ ಆಪ್ ಬರುತ್ತದೋ ಇಲ್ಲವೋ. ಬರುತ್ತದೆ ಅಂದರು, ತಂದರು. ತಂದು ಡಬ್ಬಿ ತೆರೆಯಲಿಲ್ಲ. ನಮ್ಮ ಕಡೆ ಹೊಸ ಗಾಡಿ, ಹೊಸ ಮಷೀನು ಏನೇ ಬಂದರೂ ಅಮಾವಾಸ್ಯೆಗೆ ಪೂಜೆ ಮಾಡಿಯೇ ಚಾಲೂ ಮಾಡುವುದು.

"ವೈನಿ, ಅಮಾಸಿ ಬರ್ಲಿ. ಕಾಯಿ ಒಡದ ಹಚ್ಚೂಣು. ಇಷ್ಟ ದಿನ ತಡದೇವಿ, ಇನ್ನಷ್ಟ ದಿನ ಏನ ಆಗೂದಿಲ್ಲ" ಎಂದು ಅತ್ತಿಗೆಗೆ ಹೇಳಿದರು ಕಾಡಪ್ಪನವರು.

ಆಗುವುದು ಅವರಿಗೇನು, ಭಾವ ಅವರ ಮನೆಯಲ್ಲಿ ಕೂತಿಲ್ಲವಲ್ಲ. ಅಷ್ಟು ದಿನವೂ ಅಕ್ಕ ಸಂಜೆಯಾದರೆ ಒಳಗಿನಿಂದ ಬೀಗ ಹಾಕಿ, ಕೀಲಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, ಬಾಗಿಲಿಗೆ ಬೆನ್ನು ಕೊಟ್ಟು ಕೂರುತ್ತಿದ್ದಳು. ಭಾವ ಬಾಗಿಲು ಬಡಿಯುತ್ತಿದ್ದರು, ಅವಳ ಹೆಗಲೂ ಬಡಿಸಿಕೊಳ್ಳುತ್ತಿತ್ತು. ನಾನು ಹೋದಾಗ ತೋಳಿನ ಮೇಲೆ ನೀಲಿ ಕಲೆ ಕಂಡು, ನೋವಾಗುವುದಿಲ್ಲವೇ ಎಂದು ಕೇಳಿದೆ. "ಗೊತ್ತಾಗೂದಿಲ್ಲ" ಅಂದಳು. ಅದನ್ನು ಕೇಳಿ ನನಗೆ ನಿಜಕ್ಕೂ ಹೆದರಿಕೆಯಾಯಿತು.

ಅಮಾವಾಸ್ಯೆಗೆ ಕುಂಕುಮ ಹಚ್ಚಿ, ಕಾಯಿ ಒಡೆದು, ಡಬ್ಬಿ ತೆರೆದರು. ಡಬ್ಬಿಯ ಮೇಲೆ ಆಂಡ್ರಾಯ್ಡ್ ಅಂತಲೇ ಬರೆದಿತ್ತು. ಆದರೆ ಅದು ಟಿವಿಗೆಂದು ಮಾಡಿ ಒಪ್ಪಿಗೆ ಪಡೆದ ಆಂಡ್ರಾಯ್ಡ್ ಅಲ್ಲ ಅಂತ ಜುನೇದ್ ಕೈಯಾಡಿಸಿ ಹೇಳಿದ. ಆಪ್‌ಗಳನ್ನು ಇಳಿಸಿಕೊಳ್ಳುವ ಅಸಲು ಅಂಗಡಿಯೇ ಅದರಲ್ಲಿ ಇರಲಿಲ್ಲ, ಹೆಸರಿಲ್ಲದ ಬೇರೆ ಯಾವುದೋ ಇತ್ತು. ವಿಡಿಯೋ ಆಪ್ ಇತ್ತು, ಆದರೆ ಫೋನಿನ ಆಪನ್ನು ತಂದು ತುರುಕಿದ್ದು. ರಿಮೋಟಿನ ಬಾಣದ ಗುಂಡಿ ಒತ್ತಿದರೆ ಎಲ್ಲಿಗೂ ಸರಿಯದು, ಮೌಸಿನ ಹಾಗೆ ಒಂದು ಚುಕ್ಕೆಯನ್ನು ಪರದೆಯ ಮೇಲೆ ದಬ್ಬಿಕೊಂಡು ಹೋಗಬೇಕು. ಅಕ್ಕನ ಖಾತೆಯಿಂದ ಲಾಗಿನ್ ಆಗಲೇ ಇಲ್ಲ, ಹಾಗಾಗಿ ಕೂಡಿಟ್ಟ ಬಸ್ಸುಗಳು ಒಂದೂ ಇಲ್ಲ. ಹುಡುಕಿ ಒಂದನ್ನು ಹಚ್ಚಿದರೆ ಅದು ಮುಗಿದ ಮೇಲೆ ಯಾವುದೋ ಕುಣಿತದ ಹಾಡು ಬಂತು. ಭಾವ ಎದ್ದು ನಿಂತರು.

ಕಾಡಪ್ಪನವರು ಅಂಗಡಿಗೆ ಓಡಿದರು. ಬದಲಿ ಕೊಡುವ ಗಡುವು ಪೂಜೆಗೆ ಕಾಯುವಾಗಲೇ ಮುಗಿದಿತ್ತು. ಪರದೆ ಹತ್ತುತ್ತದೆ, ದನಿ ಬರುತ್ತದೆ, ಹಾಳಾಗಿದ್ದೇನು ತೋರಿಸಿ ಅಂದರಂತೆ. ತೋರಿಸುವುದಕ್ಕೆ ಏನಿತ್ತು? ಪಾಪದ ಮನುಷ್ಯ, ಮೋರೆ ಸಣ್ಣದು ಮಾಡಿಕೊಂಡು ಬಂದು ಆ ಟಿವಿಯನ್ನು ತನ್ನ ಮನೆಗೆ ಒಯ್ದು ಕೇಬಲ್ ಹಚ್ಚಿಕೊಂಡರು.

"ಇನ್ನ ನಾನ ಹೋಗತೇನಿ" ಅಂದಳು ಅಕ್ಕ.

ಕಾಡಪ್ಪನವರನ್ನು ಭಾವನ ಕಾವಲಿಗೆ ಬಿಟ್ಟು ಅವಳು ಬೈಲಹೊಂಗಲಕ್ಕೆ ಬಂದಳು. ನಾನು ಅವಳನ್ನು ಪೇಟೆಯ ಒಂದು ಅಂಗಡಿಗೆ ಕರೆದುಕೊಂಡು ಹೋದೆ. ಗೋಡೆ ತುಂಬ ಟಿವಿ, ಎಲ್ಲದರಲ್ಲೂ ಒಂದೇ ಮೀನು ಹವಳದ ನಡುವೆ ಈಜುತ್ತಿತ್ತು. ಮಾರುವವನ ಹೆಸರು ನಿಂಗರಾಜ ಅಂತ ಅಂಗಿಯ ಮೇಲೆ ಬರೆದಿತ್ತು. ಅವನು ಬಣ್ಣದ ಬಗ್ಗೆ, ದನಿಯ ಬಗ್ಗೆ ಶುರು ಮಾಡಿದ. ಅಕ್ಕ ಮೀನು ನೋಡಲಿಲ್ಲ.

"ಇದರಾಗಿನ ಆಪರೇಟಿಂಗ್ ಸಿಸ್ಟಮ್ ಯಾವದ್ರಿ? ಟಿವಿ ಸಲುವಾಗೇ ಮಾಡಿದ್ದೋ, ಫೋನಿಂದ ತಂದ ಹಾಕಿದ್ದೋ?"

ನಿಂಗರಾಜ ನನ್ನ ಮುಖ ನೋಡಿದ. ಟಿವಿಯದೇ ಅಂದ. ಹಾಗಾದರೆ ಸೆಟ್ಟಿಂಗಿನಲ್ಲಿ ತೋರಿಸಿ ಅಂದಳು. ತೋರಿಸಿದ. ಆಪ್ ಇಳಿಸಿಕೊಳ್ಳುವ ಅಂಗಡಿ ತೆರೆಯಿರಿ ಅಂದಳು. ತೆರೆದ. ನಮ್ಮ ಆಪ್ ಅದರಲ್ಲಿ ಹುಡುಕಿ ತೋರಿಸಿ ಅಂದಳು.

"ಎಲ್ಲಾ ಆಪ್ ಬರತಾವ ಅಕ್ಕಾರ, ಚಿಂತಿ ಬ್ಯಾಡ."

"ಎಲ್ಲಾ ನನಗ ಬ್ಯಾಡ್ರಿ. ಒಂದ ಬೇಕು. ಅದನ್ನ ತೆರದ ತೋರಸ್ರಿ."

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ, ಜಂಬವಿರಲಿಲ್ಲ. ಸಂತೆಯಲ್ಲಿ ಬದನೆಕಾಯಿ ತಿರುಗಿಸಿ ನೋಡುವಷ್ಟು ಆಸ್ಥೆಯೂ ಇರಲಿಲ್ಲ. ಮನೆಯಲ್ಲಿ ಏನೇನು ಕೆಟ್ಟಿತ್ತೋ ಅದನ್ನೆಲ್ಲ ಒಂದೊಂದಾಗಿ ಕೇಳುತ್ತಿದ್ದಳು, ಅಷ್ಟೇ. ನಿಂಗರಾಜ ಆಪ್ ತೆರೆದ. ಪರದೆಯ ಮೇಲೆ ಬಂದ ಕೋಡನ್ನು ಅಕ್ಕ ತನ್ನ ಫೋನಿನಲ್ಲಿ ಹಾಕಿದಳು. ಕೂಡಿಟ್ಟ ಬಸ್ಸುಗಳೆಲ್ಲ ಸಾಲಾಗಿ ಬಂದು ನಿಂತವು. ನನ್ನ ಎದೆ ಹಗುರಾಯಿತು. ಅಕ್ಕ ರಿಮೋಟು ತೆಗೆದುಕೊಂಡು ಬಾಣದ ಗುಂಡಿಯಿಂದಲೇ ಅಲ್ಲಿಗೆ ಇಲ್ಲಿಗೆ ಸರಿಸಿ ನೋಡಿ ಒಂದು ಬಸ್ಸು ಹಚ್ಚಿದಳು.

"ಪ್ಲಗ್ ತಗದ ಹಾಕ್ರಿ."

"ಯಾಕ್ರೀ?"

"ನಮ್ಮಲ್ಲಿ ಕರೆಂಟ್ ಹೋಗತೈತ್ರಿ. ಹೋಗಿ ಬಂದ ಮ್ಯಾಲೆ ಎಷ್ಟೊತ್ತಿಗೆ ಆಪ್ ತೆರಿತೈತಿ ನೋಡಬೇಕು."

ಅವನು ಪ್ಲಗ್ ತೆಗೆದು ಹಾಕಿದ. ಮುಖಪುಟ ಬಂತು. ರಿಮೋಟಿನಲ್ಲಿ ಆ ಆಪಿಗೇ ಒಂದು ಗುಂಡಿ ಇತ್ತು, ಅಕ್ಕ ಒತ್ತಿದಳು, ಬಸ್ಸು ನಿಂತಲ್ಲಿಂದಲೇ ಹೊರಟಿತು. ಒಳಗಿನ ಮೆಮರಿ ಎಷ್ಟು, ತುಂಬಿದರೆ ಆಪ್ ಅಪ್‌ಡೇಟ್ ಆಗುವುದು ನಿಲ್ಲುತ್ತದೆಯೇ ಎಂದು ಕೇಳಿದಳು. ನಿಲ್ಲುತ್ತದೆ, ಬೇಡದ ಆಪ್ ತೆಗೆಯಬೇಕು ಎಂದು ಅವನು ಒಪ್ಪಿಕೊಂಡ. ಈಗ ಅವನೂ ಮಾರುವ ದನಿ ಬಿಟ್ಟು ಮಾತಾಡುತ್ತಿದ್ದ.

"ಅಪ್‌ಡೇಟ್ ಎಷ್ಟ ವರ್ಷ ಕೊಡತಾರ್ರಿ?"

"ಇದಕ್ಕ ಮೂರ ವರ್ಷ ಅಂದಾರ ಅಕ್ಕಾರ."

"ಯಾವಾಗಿಂದ ಮೂರ ವರ್ಷ? ನಾ ಒಯ್ದ ದಿನದಿಂದೋ, ಈ ಮಾಡಲ್ ಬಂದಾಗಿಂದೋ?"

ನಿಂಗರಾಜ ಟಿವಿಯ ಹಿಂದೆ ಬಗ್ಗಿ ಮಾಡಲ್ ನಂಬರ್ ನೋಡಿ, ಫೋನಿನಲ್ಲಿ ಕಂಪನಿಯ ಪುಟ ತೆರೆದು ಓದಿದ. "ಮಾಡಲ್ ಬಂದಾಗಿಂದ್ರಿ. ಇದು ಬಂದ ಎರಡ ವರ್ಷ ಆತು."

"ಹಂಗಾರ ಒಂದ ವರ್ಷ ಉಳೀತು."

"ಅದಾದ ಕೂಡ್ಲೇ ಬಂದ್ ಆಗೂದಿಲ್ರಿ. ಆಪ್ ಇನ್ನಷ್ಟ ವರ್ಷ ನಡೀತಾವ. ಆದ್ರ ಆಪಿನವ್ರು ಯಾವಾಗ ಬಿಡತಾರ ಅನ್ನೂದನ್ನ ನಾವ ಹೇಳಾಕ ಬರೂದಿಲ್ಲ. ಟಿವಿ ಕಂಪನಿ ಬ್ಯಾರೆ, ಆಪ್ ಕಂಪನಿ ಬ್ಯಾರೆ. ಸುಳ್ಳ ಹೇಳಿ ನಾ ಏನ ಮಾಡ್ಲಿ."

ಬೇರೆ ತೋರಿಸಿ ಅಂದಳು. ಮೂಲೆಯಲ್ಲಿ ಅದಕ್ಕಿಂತ ಸಣ್ಣದೊಂದು ಇತ್ತು, ಈ ವರ್ಷವೇ ಬಂದದ್ದು. ಕಂಪನಿ ಐದು ವರ್ಷ ಆಪರೇಟಿಂಗ್ ಸಿಸ್ಟಮ್ ಅಪ್‌ಡೇಟ್ ಕೊಡುತ್ತೇನೆಂದು ತನ್ನ ಪುಟದಲ್ಲಿ ಹಾಕಿತ್ತು. ಅದರಲ್ಲೂ ಆಪ್ ತೆರೆಸಿದಳು, ಪ್ಲಗ್ ತೆಗೆಸಿದಳು, ಎಲ್ಲ ಮೊದಲಿಂದ. ಗಿರಾಕಿಗಳು ಹಿಂದೆ ನಿಂತು ನೋಡುತ್ತಿದ್ದರು. ನನಗೆ ನಾಚಿಕೆಯಾಗಿ, "ಸಾಕ ಬಾರವ್ವಾ, ಲಗ್ನಕ್ಕ ವರಾ ನೋಡಿದಂಗ ನೋಡಾಕತ್ತಿ" ಅಂದೆ. ಅವಳು ನಗಲಿಲ್ಲ. ನಿಂಗರಾಜ ನಕ್ಕ. ನಕ್ಕು, ಒಳ್ಳೆಯ ಮನಸ್ಸಿನಿಂದಲೇ ಕೇಳಿದ.

"ಇಷ್ಟೆಲ್ಲಾ ಕೇಳಿದ್ರಿ, ಒಂದ ಮಾತ ನಾ ಕೇಳಲಿ? ನಿಮಗ ಎಷ್ಟ ವರ್ಷ ಬೇಕ್ರಿ ಅಕ್ಕಾರ? ಅದರ ಮ್ಯಾಲೆ ನಾ ಸೆಟ್ ತೋರಸ್ತೇನಿ."

ಅಕ್ಕ ಬೆರಳು ಮಡಿಸಿ ಎಣಿಸಿದಳು.

"ಡಾಕ್ಟರ್ರು ಆರೇಳ ವರ್ಷ ಅಂದಾರ್ರಿ. ರೋಗ ಬಂದಾಗಿಂದ. ಅದರಾಗ ಮೂರ ಮುಗದಾವ."

ಅವನಿಗೆ ತಿಳಿಯಲಿಲ್ಲ. ಯಾರ ಡಾಕ್ಟರು, ಯಾವ ರೋಗ ಎಂದು ನನ್ನ ಕಡೆ ತಿರುಗಿದ. ನಾನು ಸೆರಗು ಬಾಯಿಗೆ ಹಿಡಿದುಕೊಂಡು ಮಿಕ್ಸರುಗಳ ಕಡೆ ಹೋಗಿಬಿಟ್ಟೆ. ಅಕ್ಕ ಅಲ್ಲಿಯೇ ನಿಂತು ಲೆಕ್ಕ ಮುಗಿಸಿದಳು. "ಐದ ವರ್ಷಂದು ಆಗತೈತ್ರಿ. ಇದನ್ನ ಕೊಡ್ರಿ. ಇದು ತೋರಸೂ ಸೆಟ್ ಐತಲ್ಲಾ, ಇದರಾಗಿಂದ ನನ್ನ ಖಾತೆ ತಗೀರಿ. ಆ ಇನ್ನೊಂದರಾಗಿಂದೂ ತಗೀರಿ. ಬದಲಿ ಕೊಡೂ ಗಡುವು ಎಷ್ಟ ದಿನ?"

ಆ ಗಡುವನ್ನೂ ಮಾಡಲ್ ನಂಬರನ್ನೂ ಬಿಲ್ಲಿನ ಮೇಲೆ ಬರೆಸಿಕೊಂಡಳು. ನಿಂಗರಾಜ ಆಮೇಲೆ ತಾನೇ ಡಬ್ಬಿಯನ್ನು ಟಂಟಂ ಗಾಡಿಗೆ ಏರಿಸಿದ. ಹುಡುಗನಿಗೆ ತಿಳಿದಿತ್ತೇನೋ. ದಾರಿಯುದ್ದಕ್ಕೂ ನಾನು ಅಕ್ಕನ ಮೇಲೆ ರೇಗಲಿಲ್ಲ. ರೇಗಬೇಕು ಅನ್ನಿಸಿತು. ಗಂಡನ ಆಯುಷ್ಯವನ್ನು ಹಾಗೆ ಅಂಗಡಿಯ ನಡುವೆ ಅಳೆದು ಇಟ್ಟಳಲ್ಲ ಅಂತ. ಆದರೆ ದಿನಾ ಬಾಗಿಲಿಗೆ ಬೆನ್ನು ಕೊಟ್ಟು ಕೂರುವವಳು ಅವಳು, ನಾನಲ್ಲ.

ಮನೆಗೆ ಬಂದಾಗ ಕಾಡಪ್ಪನವರು ಡಬ್ಬಿ ನೋಡಿ ಪಂಚಾಂಗದ ಕಡೆ ಕಣ್ಣು ಹಾಯಿಸಿದರು. "ವೈನಿ, ನಾಳೆ ಸೋಮವಾರ. ಒಂದ ದಿನ..."

"ಇವತ್ತ ಸಂಜಿಗೆ ಬೇಕು" ಅಂದಳು ಅಕ್ಕ. ಕತ್ತರಿ ತಂದು ತಾನೇ ಡಬ್ಬಿಯ ಟೇಪ್ ಕತ್ತರಿಸಿದಳು. ಕಾಡಪ್ಪನವರು ಹಳೆಯ ಟಿವಿಯನ್ನು ಇಳಿಸಿದರು. ಜುನೇದ್ ಬಂದು ಗೋಡೆಗೆ ಹೊಸದನ್ನು ತೂಗುಹಾಕಿ ವೈಫೈ ಕೂಡಿಸಿದ. ಪೂಜೆ ಇಲ್ಲ, ಕಾಯಿ ಇಲ್ಲ. ನಾನು ಒಂದು ಊದುಬತ್ತಿ ಹಚ್ಚಿದೆ, ಅದೂ ಅಡುಗೆಮನೆಯಲ್ಲಿ.

ಭಾವ ಅಷ್ಟರಲ್ಲಿ ಅಂಗಿ ತೊಟ್ಟು ಬಾಗಿಲಿಗೆ ಬಂದಿದ್ದರು. ಬೀಗ ಜಗ್ಗುತ್ತಿದ್ದರು. ಅಕ್ಕ ರಿಮೋಟಿನ ಗುಂಡಿ ಒತ್ತಿದಳು. ಸವದತ್ತಿ ನಿಲ್ದಾಣ ಬಂತು, ಡ್ರೈವರ್ ಹಾರ್ನ್ ಹೊಡೆದ. ಭಾವ ಬೀಗ ಬಿಟ್ಟರು. ತಿರುಗಿ ನೋಡಿದರು, ನಡೆದು ಬಂದು ಕುರ್ಚಿಯಲ್ಲಿ ಕೂತರು. "ತಡಾ ಆತು, ತಡಾ ಆತು. ರೈಟ್."

ಕಾಡಪ್ಪನವರು ಮೂಲೆಗೆ ಹೋಗಿ ಕಣ್ಣು ಒರೆಸಿಕೊಂಡರು. ಜುನೇದ್ ಚಹಾ ಕುಡಿಯದೆ ಹೊರಟುಹೋದ. ಯರಗಟ್ಟಿ ಬಂತು, ಜನ ಇಳಿದರು, ಹತ್ತಿದರು. ಭಾವ ರಿಮೋಟು ಒತ್ತಿದರು, ಬಸ್ಸು ನಿಂತಿತು. ಮತ್ತೆ ಒತ್ತಿದರು, ಹೊರಟಿತು. ನೀಲಿ ಪರದೆ ಬರಲಿಲ್ಲ. ಅವರು ಮಧ್ಯೆ ಯಾವುದೋ ಗುಂಡಿ ಒತ್ತಿ ಮುಖಪುಟಕ್ಕೆ ಹೋದರೂ ಅಕ್ಕ ಬಂದು ಒಂದೇ ಗುಂಡಿಯಲ್ಲಿ ತಿರುಗಿ ತಂದಳು. ಎಷ್ಟೋ ದಿನಗಳ ಮೇಲೆ ಆ ಮನೆಯ ಬಾಗಿಲಿಗೆ ಯಾರೂ ಬೆನ್ನು ಕೊಟ್ಟು ಕೂತಿರಲಿಲ್ಲ. ಅಕ್ಕ ಬೀಗವನ್ನೂ ತೆಗೆದಳು. ಹೊರಗಿನ ಗಾಳಿ ಒಳಗೆ ಬಂತು.

ಆಮೇಲೆ ಅವಳಿಗೆ ಏನು ಮಾಡಬೇಕೋ ತಿಳಿಯಲಿಲ್ಲ. ರೊಟ್ಟಿ ನಾನು ಬಡಿಯುತ್ತಿದ್ದೆ. ಅವಳು ಚಹದ ಲೋಟ ಹಿಡಿದು ಕುರ್ಚಿಯ ಪಕ್ಕದಲ್ಲಿ ಸುಮ್ಮನೆ ನಿಂತಿದ್ದಳು. ಭಾವ ಅವಳ ಕಡೆ ತಿರುಗಿದರು.

"ಎಲ್ಲಿಗ್ರೀ ಯವ್ವಾ?"

ಅಕ್ಕ ಎಂದೂ ಇದಕ್ಕೆ ಉತ್ತರ ಕೊಟ್ಟವಳಲ್ಲ. ನಾನು ನಿಮ್ಮ ಹೆಂಡತಿ ಎಂದು ಮೊದಮೊದಲು ತಿದ್ದುತ್ತಿದ್ದಳು, ಆಮೇಲೆ ಅದನ್ನೂ ಬಿಟ್ಟಿದ್ದಳು. ಅವತ್ತು ಕೇಳಿದಳು.

"ಗಾಡಿ ಎಲ್ಲಿತನ ಹೋಗತೈತ್ರಿ?"

"ಬೆಳಗಾವಿತನ."

"ಹಂಗಾರ ಬೆಳಗಾವಿಗೆ ಒಂದ ಕೊಡ್ರಿ."

ಭಾವ ರಿಮೋಟು ಒತ್ತಿ, ಇಲ್ಲದ ಚೀಟಿಯನ್ನು ಹರಿದು ಕೊಟ್ಟರು. ಅಕ್ಕ ಅಂಗೈ ಚಾಚಿ ತೆಗೆದುಕೊಂಡಳು. ಅವರು ಅವಳ ಹಿಂದೆ ಮುಂದೆ ನೋಡಿ, ಹೆಂಗಸರು ಒಬ್ಬರೇ ಬಂದರೆ ಕಂಡಕ್ಟರರು ವಿಚಾರಿಸುವ ಹಾಗೆ ವಿಚಾರಿಸಿದರು.

"ಒಬ್ರ ಅದೀರೇನ್ರಿ? ನಿಮ್ಮ ಜೋಡಿ ಯಾರೂ ಇಲ್ಲಾ?"

"ಇದ್ರು" ಅಂದಳು ಅಕ್ಕ. "ಹಿಂದನ ಇಳದ್ರು."

ನನ್ನ ಕೈಯಲ್ಲಿದ್ದ ರೊಟ್ಟಿ ಹರಿಯಿತು. ಭಾವ ತಲೆ ಆಡಿಸಿದರು. ಬಹಳ ವರ್ಷ ಜನರನ್ನು ಇಳಿಸಿ ಹತ್ತಿಸಿದ ಮನುಷ್ಯ, ಅವರಿಗೆ ಅದರಲ್ಲಿ ವಿಶೇಷವೇನೂ ಕಾಣಲಿಲ್ಲ. ಪಕ್ಕದ ಸ್ಟೂಲ್ ತೋರಿಸಿ, "ಕಿಡಕಿ ಕಡೆ ಜಾಗಾ ಐತಿ, ಕುಂದರ್ರಿ. ನೇಸರಗಿ ದಾಟಿದ ಮ್ಯಾಲೆ ಗದ್ಲಾ ಕಡಿಮಿ ಆಗತೈತಿ" ಅಂದರು.

ಅಕ್ಕ ಕೂತಳು. ಲೋಟದ ಚಹಾ ತಾನೇ ಕುಡಿದಳು. ಬೆಳಗಾವಿ ಬರುವ ತನಕ ಇಬ್ಬರೂ ಮುಂದಿನ ದಾರಿ ನೋಡುತ್ತ ಕೂತಿದ್ದರು.